ಐದು ತಿಂಗಳು ಬೀಗ ಹಾಕಿದ್ದ ಮಲೆನಾಡ ಮನೆ: ಪೊರಕೆ ಹಿಡಿಯುವ ಮೊದಲು ನೋಡಿದ್ದು

ಸಾಗರ ತಾಲ್ಲೂಕಿನ ಹಳ್ಳಿಯೊಂದರ ಹೆಂಚಿನ ಮನೆ ಇದು. ಕಟ್ಟಿ ಅರವತ್ತು ವರ್ಷದ ಮೇಲಾಗಿದೆ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಕೆಂಪು ಕಾವಿ ನೆಲ, ಮುಂದೆ ಜಗಲಿ, ಮೇಲೆ ಅಟ್ಟ. ಹಿಂಭಾಗಕ್ಕೆ ಹದಿನೈದು ವರ್ಷದ ಹಿಂದೆ ಸಿಮೆಂಟಿನ ಅಡುಗೆ ಮನೆ, ಬಚ್ಚಲು ಸೇರಿಸಿದ್ದಾರೆ. ಅಲ್ಲಿಂದ ಹತ್ತು ಹೆಜ್ಜೆ ಇಟ್ಟರೆ ಬಾವಿ.

ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು. ಮೇ ಕೊನೆಯಲ್ಲಿ ಮಂಡಿ ನೋವು ಜಾಸ್ತಿಯಾಯಿತು. ಮಗ ಬೆಂಗಳೂರಿಗೆ ಕರೆದುಕೊಂಡು ಹೋದರು. ಎರಡು ತಿಂಗಳಲ್ಲಿ ವಾಪಸ್ ಬರುವ ಲೆಕ್ಕ ಇತ್ತು, ಮಳೆಗಾಲ ಪೂರ್ತಿ ಅಲ್ಲೇ ಕಳೆಯಿತು. ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆಗೆ ಊರಿಗೆ ಬರಲೇಬೇಕು ಎಂದು ಅಮ್ಮ ಹಟ ಹಿಡಿದರು. ಆಗ ಮಗ ನನಗೆ ಫೋನ್ ಮಾಡಿದರು. ಮನೆಗಳ ಗೆದ್ದಲು, ಇಲಿ ಕಾಟ ನೋಡುವುದು ನನ್ನ ಕೆಲಸ.

ಫೋನಿನಲ್ಲೇ ಎರಡು ಮಾತು ಹೇಳಿದೆ. ಹಗಲಲ್ಲಿ ಬನ್ನಿ, ಕತ್ತಲಾದ ಮೇಲೆ ಬೀಗ ತೆಗೆಯಬೇಡಿ. ಮೊದಲ ರಾತ್ರಿ ಬೇರೆಲ್ಲಾದರೂ ಮಲಗಿ. ಊರಿನಲ್ಲೇ ಅವರ ಚಿಕ್ಕಪ್ಪನ ಮನೆ ಇತ್ತು, ಹಾಗಾಗಿ ತೊಂದರೆ ಆಗಲಿಲ್ಲ. ದೂರದಿಂದ ಬರುವವರು ಸಾಮಾನ್ಯವಾಗಿ ಸಂಜೆ ಹೊತ್ತಿಗೆ ತಲುಪುತ್ತಾರೆ. ಸುಸ್ತಾಗಿರುತ್ತಾರೆ, ಮಕ್ಕಳಿಗೆ ನಿದ್ದೆ ಬಂದಿರುತ್ತದೆ. ಒಂದು ಕೋಣೆ ಗುಡಿಸಿ, ಪೆಟ್ಟಿಗೆಯಲ್ಲಿದ್ದ ಹಾಸಿಗೆ ಕೊಡವಿ ಮಲಗಿಬಿಡುತ್ತಾರೆ. ಮನೆಯ ಬಗ್ಗೆ ಮನೆಯೇ ಹೇಳಬೇಕಾದ ಅರ್ಧ ವಿಷಯ ಆ ಗುಡಿಸುವಿಕೆಯಲ್ಲಿ ಹೋಗಿಬಿಡುತ್ತದೆ. ಇಲಿ ಯಾವ ಮೂಲೆಯಿಂದ ಬರುತ್ತದೆ, ಮರದ ಹುಡಿ ಯಾವ ಕಂಬದ ಕೆಳಗೆ ಬಿದ್ದಿದೆ, ಉದುರಿದ ರೆಕ್ಕೆ ಯಾವ ಕಿಟಕಿಯ ಬಳಿ ಇದೆ, ಎಲ್ಲವೂ ನೆಲದ ಮೇಲೇ ಬರೆದಿರುತ್ತದೆ. ಒಮ್ಮೆ ಗುಡಿಸಿದರೆ ಮತ್ತೆ ಸಿಗುವುದಿಲ್ಲ.

ಮೊದಲು ಹೊರಗೆ

ಅವರು ಬಂದಾಗ ಬೆಳಿಗ್ಗೆ ಹತ್ತರ ಬಿಸಿಲು. ಅಮ್ಮ ಕಾರಿನಿಂದ ಇಳಿದು ನೇರ ಬಾಗಿಲ ಕಡೆ ಹೊರಟರು. "ಅಮ್ಮ, ಸ್ವಲ್ಪ ಹೊತ್ತು ಅಂಗಳದಲ್ಲೇ ಕೂತ್ಕೊಳ್ಳಿ" ಎಂದು ಕುರ್ಚಿ ಹಾಕಿಸಿದೆ. ನಾನೂ ಮಗನೂ ಮನೆಯಿಂದ ದೂರ ನಿಂತು ಮಾಡನ್ನೇ ನೋಡಿದೆವು. ಹದಿನೈದು ನಿಮಿಷ ಸುಮ್ನೆ ನಿಂತು ನೋಡುವುದಷ್ಟೇ ಕೆಲಸ.

ಇದು ಕಣಜಕ್ಕಾಗಿ. ಮಳೆ ಕಡಿಮೆಯಾಗುವ ಹೊತ್ತಿಗೆ ಕಣಜದ ಗೂಡು ದೊಡ್ಡದಾಗಿರುತ್ತದೆ. ಗೂಡು ಅಟ್ಟದ ಒಳಗೋ ಹೆಂಚಿನ ಅಡಿಯಲ್ಲೋ ಇದ್ದರೆ ಕಣ್ಣಿಗೆ ಬೀಳುವುದಿಲ್ಲ, ಹುಳು ಹಾರುವುದು ಮಾತ್ರ ಕಾಣುತ್ತದೆ. ಬಿಸಿಲಿದ್ದಾಗ ಒಂದೇ ಸಂದಿನಿಂದ ಹುಳುಗಳು ಮತ್ತೆ ಮತ್ತೆ ಹೊರಟು, ಅಲ್ಲಿಗೇ ವಾಪಸ್ ಬರುತ್ತಿದ್ದರೆ ಗೂಡು ಅಲ್ಲೇ ಇದೆ ಎಂದರ್ಥ. ಅದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಮುಚ್ಚಿದ್ದ ಬಾಗಿಲನ್ನು ಭುಜ ಕೊಟ್ಟು ತಳ್ಳಿದರೆ ಗೋಡೆ ಅದುರುತ್ತದೆ, ಹುಳು ಏಳುತ್ತದೆ. ಒಂದೆರಡು ಕಡಿತ ನೋವಿನಲ್ಲಿ ಮುಗಿಯಬಹುದು, ಹತ್ತಾರು ಕಡಿತ ಆಸ್ಪತ್ರೆಗೆ ಮುಟ್ಟಿಸುತ್ತದೆ. ಮೈಗೆ ಒಗ್ಗದವರಿಗೆ ಒಂದೇ ಕಡಿತವೂ ಪ್ರಾಣಕ್ಕೆ ಬರಬಹುದು.

ಮನೆಯ ಮಾಡು ಶಾಂತವಾಗಿತ್ತು. ಕೊಟ್ಟಿಗೆಯ ಒಂದು ಮೂಲೆಯ ಹೆಂಚಿನ ಅಡಿಯಿಂದ ಕಣಜ ಹೋಗಿ ಬಂದು ಮಾಡುತ್ತಿತ್ತು. ಕೊಟ್ಟಿಗೆ ಕಡೆ ಯಾರೂ ಹೋಗಬಾರದು ಎಂದು ಅಂಗಳಕ್ಕೆ ಅಡ್ಡ ಹಗ್ಗ ಕಟ್ಟಿದೆವು. ಎರಡು ದಿನ ಬಿಟ್ಟು ಊರಿನ ಗೊತ್ತಿರುವವರೊಬ್ಬರು ರಾತ್ರಿ ಹೊತ್ತಿನಲ್ಲಿ, ಮೈ ಪೂರ್ತಿ ಮುಚ್ಚಿಕೊಂಡು ಅದನ್ನು ತೆಗೆದರು.

ಆಮೇಲೆ ಮನೆಯ ಸುತ್ತ ಒಂದು ಸುತ್ತು. ಮಾವಿನ ಮರದ ಕೊಂಬೆ ಮಾಡಿಗೆ ತಾಗಿತ್ತು. ಅದರ ಕೆಳಗೆ ಎರಡು ಹೆಂಚು ಸರಿದಿದ್ದವು. ಇಲಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಡ. ಮಾಡಿನ ನೀರು ಹಿಡಿಯುವ ತಗಡಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡು, ಮಳೆಗಾಲ ಪೂರ್ತಿ ನೀರು ಹಿಂಗೋಡೆಯ ಮೇಲೇ ಇಳಿದಿತ್ತು. ಪಾಚಿಯ ಹಸಿರು ಪಟ್ಟಿ ಸ್ಪಷ್ಟವಾಗಿತ್ತು. ಆ ಪಟ್ಟಿಯ ಬುಡದಲ್ಲೇ, ಹಿಂದಿನ ಜಗಲಿಯಲ್ಲಿ, ಮಳೆಗಾಲಕ್ಕೆಂದು ಒಟ್ಟಿದ್ದ ಕಟ್ಟಿಗೆ ರಾಶಿ ಗೋಡೆಗೆ ಒರಗಿಕೊಂಡಿತ್ತು. ಒದ್ದೆ ಗೋಡೆ, ನೆಲಕ್ಕೆ ತಾಗಿದ ಮರ, ಕತ್ತಲು, ಓಡಾಟ ಇಲ್ಲ. ಗೆದ್ದಲು ನೋಡುವವರು ಇಂಥ ಜಾಗ ಕಂಡ ಕೂಡಲೇ ಬಗ್ಗುತ್ತಾರೆ.

ಬಗ್ಗಿ ನೋಡಿದಾಗ ಅಡಿಪಾಯದ ಕಲ್ಲಿನ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆಗಳು ನೆಲದಿಂದ ಮೇಲಕ್ಕೆ ಹತ್ತಿದ್ದವು. ಕಟ್ಟಿಗೆ ರಾಶಿಯ ಹಿಂದೆ ಒಂದು. ಹಳೆ ಗೋಡೆಗೂ ಹೊಸ ಅಡುಗೆ ಮನೆಗೂ ಕೂಡುವ ಸಂದಿನಲ್ಲಿ ಇನ್ನೊಂದು. ಬಾವಿಯ ಕಡೆ ಮೂರನೆಯದು. ಮಗ ಅಲ್ಲೇ ಬಿದ್ದಿದ್ದ ಕೋಲು ತೆಗೆದುಕೊಂಡು ಕೆರೆಯಲು ಹೋದರು. ಬೇಡ ಎಂದು ತಡೆದೆ. ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ಈ ಮನೆಯ ಮುಖ್ಯ ಕಥೆ ಅದೇ.

ಒಳಗಿನ ಮೊದಲ ಗಂಟೆ

ಒಳಗೆ ಹೋಗುವ ಮೊದಲು ಮಂಡಿವರೆಗಿನ ರಬ್ಬರ್ ಬೂಟು, ರಬ್ಬರ್ ಕೈಗವಸು, ಎನ್ 95 ಮಾಸ್ಕ್. ಕೈಯಲ್ಲಿ ಟಾರ್ಚ್ ಮತ್ತು ಒಂದು ಉದ್ದ ಕೋಲು. ಮುಂಬಾಗಿಲು ಹಿಂಬಾಗಿಲು ಎರಡೂ ತೆರೆದು ಅರ್ಧ ಗಂಟೆ ಹೊರಗೇ ಕಾದೆವು. ಮುಚ್ಚಿದ ಮನೆಯ ಗಾಳಿಯಲ್ಲಿ ಬೂಷ್ಟು, ಇಲಿ ಹಿಕ್ಕೆಯ ದೂಳು ಇರುತ್ತವೆ. ಅದು ಹೊರಗೆ ಹೋಗಲಿ. ಈ ಅರ್ಧ ಗಂಟೆಗೆ ಇನ್ನೊಂದು ಉಪಯೋಗವೂ ಇದೆ. ಒಳಗೆ ಹಾವು ಇದ್ದರೆ ಬೆಳಕು, ಸದ್ದು ಬಂದಾಗ ಬಹಳ ಸಲ ತಾನೇ ಜಾಗ ಬಿಡುತ್ತದೆ. ಹೋಗಿಯೇ ಬಿಟ್ಟಿತು ಎಂದು ಮಾತ್ರ ನಂಬಬಾರದು. ಹಾಸಿಗೆ ಸುರುಳಿ, ಗೋಣಿಚೀಲ, ಅಕ್ಕಿ ಮುಡಿಯ ಹಿಂದೆ, ಬಚ್ಚಲ ಒಲೆ, ಹಂಡೆಯ ಬುಡ, ಇಲ್ಲೆಲ್ಲ ಕೈ ಹಾಕುವ ಮೊದಲು ಕೋಲು ಹಾಕಬೇಕು.

ಮೇನ್ ಸ್ವಿಚ್ ಹಾಕಲಿಲ್ಲ, ಗ್ಯಾಸ್ ತಿರುಗಿಸಲಿಲ್ಲ. ಎರಡೂ ಇಲಿಯ ಕಾರಣಕ್ಕೆ. ಅಟ್ಟದಲ್ಲಿ ವೈರಿನ ಮೇಲಿನ ಪ್ಲಾಸ್ಟಿಕ್ ಕಡಿದಿದ್ದರೆ ಸ್ವಿಚ್ ಹಾಕಿದ ಕೂಡಲೇ ಕಿಡಿ ಹಾರಬಹುದು. ಸುತ್ತ ಒಣ ಮರ, ಹಳೆ ಗೋಣಿಚೀಲ, ಇಲಿ ತಂದಿಟ್ಟ ಕಸ. ಗ್ಯಾಸಿನ ರಬ್ಬರ್ ಪೈಪನ್ನೂ ಇಲಿ ಕಡಿಯುತ್ತದೆ. ಈ ಮನೆಯಲ್ಲಿ ಪೈಪಿನ ಹಿಂಬದಿಯಲ್ಲಿ, ಒಲೆಯ ಕಟ್ಟೆಗೆ ತಾಗುವ ಕಡೆ, ಹಲ್ಲಿನ ಗುರುತು ಸ್ಪಷ್ಟವಾಗಿತ್ತು. ಎದುರಿನಿಂದ ನೋಡಿದರೆ ಪೈಪ್ ಹೊಸದರಂತೆ ಇತ್ತು. ಕೈಯಲ್ಲಿ ತಿರುಗಿಸಿ ನೋಡಿದ್ದರಿಂದ ಸಿಕ್ಕಿತು. ಸಂಜೆಯೇ ಸಾಗರಕ್ಕೆ ಹೋಗಿ ಒಳಗೆ ತಂತಿ ಬಲೆ ಇರುವ ಪೈಪ್ ತಂದು ಹಾಕಿಸಿದರು.

ನೆಲದ ಮೇಲಿನ ಹಿಕ್ಕೆ ನೋಡುತ್ತಾ ಹೋದೆವು. ಅಮ್ಮ ಬಾಗಿಲಲ್ಲೇ ನಿಂತು, "ಎಂಥ ಹೊಲಸು ಮಾರಾಯ, ಒಂದ್ಸಲ ಗುಡಿಸಿ ಬಿಡ್ತೀನಿ, ಆಮೇಲೆ ನೋಡ್ಕೊಳ್ಳಿ" ಎಂದರು. ಐವತ್ತು ವರ್ಷ ದಿನಾ ಗುಡಿಸಿ ಒರೆಸಿದ ನೆಲ ಹಾಗೆ ಬಿದ್ದಿರುವುದನ್ನು ನೋಡುವುದು ಅವರಿಗೆ ನಿಜಕ್ಕೂ ಸಂಕಟವಾಗಿತ್ತು. ಆದರೂ ತಡೆದರು.

ಕಾಳಿನಂಥ ಕಪ್ಪು ವಸ್ತು ಎಲ್ಲವೂ ಇಲಿಯದ್ದಲ್ಲ. ಒಂದು ತುದಿ ಬೆಳ್ಳಗಿದ್ದರೆ ಹಲ್ಲಿಯದು. ಕಡ್ಡಿಯಿಂದ ಒತ್ತಿದಾಗ ಹುಡಿಯಾಗಿ, ಹುಳುಗಳ ರೆಕ್ಕೆ ಚೂರು ಮಿನುಗಿದರೆ ಬಾವಲಿಯದು. ಒಣಗಿದ ಇಲಿ ಹಿಕ್ಕೆ ಹಾಗೆ ಸುಲಭವಾಗಿ ಹುಡಿಯಾಗುವುದಿಲ್ಲ. ಅರ್ಧ ಸೆಂಟಿಮೀಟರಿನಷ್ಟು ಸಣ್ಣದಿದ್ದರೆ ಸುಂಡಿಲಿ. ಒಂದು ಸೆಂಟಿಮೀಟರಿಗಿಂತ ಉದ್ದ, ಎರಡು ತುದಿ ಚೂಪಾಗಿದ್ದರೆ ಮಾಡಿನಲ್ಲಿ ಓಡಾಡುವ ದೊಡ್ಡ ಇಲಿ. ಇನ್ನೂ ದಪ್ಪಗಿದ್ದರೆ ಹೆಗ್ಗಣ, ಅದು ಮೇಲಿನಿಂದಲ್ಲ, ನೆಲ ತೋಡಿಕೊಂಡೋ ಬಚ್ಚಲ ಕಂಡಿಯಿಂದಲೋ ಬರುತ್ತದೆ. ಯಾವುದು ಎಂದು ತಿಳಿದರೆ ದಾರಿ ಎಲ್ಲಿ ಹುಡುಕಬೇಕು ಎಂಬುದು ತಿಳಿಯಿತು.

ಇಲ್ಲಿ ಸಿಕ್ಕಿದ್ದು ಮಾಡಿನ ಇಲಿಯದು. ಅಟ್ಟದ ಏಣಿಯ ಬುಡದಿಂದ ಗೋಡೆ ಬದಿಯಲ್ಲೇ ಸಾಲಾಗಿ ಅಡುಗೆ ಮನೆಗೆ ಹೋಗಿತ್ತು. ಅದೇ ಎತ್ತರದಲ್ಲಿ ಗೋಡೆಯ ಮೇಲೆ ಜಿಡ್ಡಿನ ಕಪ್ಪು ಗೆರೆ ಇತ್ತು. ಇಲಿ ಒಂದೇ ದಾರಿಯಲ್ಲಿ ಮೈ ಉಜ್ಜಿಕೊಂಡು ಓಡಾಡಿದರೆ ಆ ಗೆರೆ ಬೀಳುತ್ತದೆ. ಬೂದು ಬಣ್ಣದ ಹಳೆ ಹಿಕ್ಕೆಯ ನಡುವೆ ಕಪ್ಪಗೆ ಹೊಳೆಯುವ ಮೆತ್ತನೆಯವೂ ಇದ್ದವು. ಎಂದರೆ ಇಲಿ ಬಂದು ಹೋದದ್ದಲ್ಲ, ಇನ್ನೂ ಇದೆ. ಖಚಿತ ಮಾಡಿಕೊಳ್ಳಲು ಆ ದಾರಿಯಲ್ಲಿ ಎರಡು ಕಡೆ ಒಲೆ ಬೂದಿ ತೆಳ್ಳಗೆ ಹರಡಿ ಬಂದೆವು. ಮರುದಿನ ಬೆಳಿಗ್ಗೆ ಅದರ ಮೇಲೆ ಪುಟ್ಟ ಹೆಜ್ಜೆಗಳೂ, ಬಾಲ ಎಳೆದ ಗೀರೂ ಇದ್ದವು.

ಅಟ್ಟದಲ್ಲಿ ಒಂದು ಹಾವಿನ ಪೊರೆ ಸಿಕ್ಕಿತು. ನನ್ನ ಎತ್ತರಕ್ಕೆ ಸ್ವಲ್ಪ ಕಡಿಮೆ. ಪೊರೆ ಕಳಚುವಾಗ ಹಿಗ್ಗುವುದರಿಂದ ಹಾವು ಅದಕ್ಕಿಂತ ಗಿಡ್ಡವೇ ಇರುತ್ತದೆ. ಮಾಡಿನಲ್ಲಿ ಇಲಿ ಇರುವ ಕಡೆ ಅಷ್ಟು ಉದ್ದದ್ದು ಹೆಚ್ಚಾಗಿ ಕೇರೆ, ಆದರೆ ಪೊರೆಯೊಂದನ್ನೇ ನೋಡಿ ನಾಗರ ಅಲ್ಲ ಎಂದು ಹೇಳುವ ಧೈರ್ಯ ಬೇಡ. ಪೊರೆ ಒಣಗಿ ದೂಳು ಹಿಡಿದಿತ್ತು, ಇತ್ತೀಚಿನದ್ದಲ್ಲ. ಸೊಸೆ ಬಹಳ ಹೆದರಿದರು. ಹಾವು ಬಂದದ್ದು ಇಲಿಯ ಹಿಂದೆ. ಇಲಿ ಹೋದರೆ ಹಾವಿಗೆ ಅಲ್ಲಿ ಕೆಲಸ ಇಲ್ಲ ಎಂದು ಹೇಳಿದ ಮೇಲೆ ಸ್ವಲ್ಪ ಸಮಾಧಾನ ಆಯಿತು.

ಹಿಕ್ಕೆ ತೆಗೆಯುವುದರ ಬಗ್ಗೆ ಒಂದು ಮಾತು ಹೇಳಲೇಬೇಕು. ಒಣ ಪೊರಕೆ ಬೇಡ, ದೂಳೆಲ್ಲ ಮೂಗಿಗೆ ಬರುತ್ತದೆ. ಅಂಗಡಿಯ ಬ್ಲೀಚ್ ದ್ರಾವಣ ಒಂದು ಲೋಟಕ್ಕೆ ಒಂಬತ್ತು ಲೋಟ ನೀರು ಬೆರೆಸಿ, ಹಿಕ್ಕೆಯ ಮೇಲೆ ಚಿಮುಕಿಸಿ, ಐದು ನಿಮಿಷ ನೆನೆಯಲು ಬಿಟ್ಟು, ಹಳೆ ಬಟ್ಟೆ ಅಥವಾ ಕಾಗದದಿಂದ ಬಳಿದು ತೆಗೆಯಬೇಕು. ಅದಕ್ಕೆ ಕಕ್ಕಸು ತೊಳೆಯುವ ಆ್ಯಸಿಡ್ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ. ಕಾವಿ ನೆಲದ ಬಣ್ಣ ಬ್ಲೀಚಿಗೆ ಮಾಸಬಹುದು ಎಂದು ಜಗಲಿ, ನಡುಮನೆಯಲ್ಲಿ ಸೋಪಿನ ನೀರು ಮತ್ತು ಫಿನಾಯಿಲ್ ಬಳಸಿದೆವು.

ಬಚ್ಚಲಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಇಲಿಜ್ವರದ ರೋಗಾಣು ಇಲಿಯ ಮೂತ್ರದಲ್ಲಿ ಬರುತ್ತದೆ. ಒಣ ಜಾಗದಲ್ಲಿ ಬೇಗ ಸಾಯುತ್ತದೆ, ತೇವದಲ್ಲಿ ವಾರಗಟ್ಟಲೆ ಉಳಿಯಬಲ್ಲದು. ಕಾಲಿನ ಒಡಕು, ಸಣ್ಣ ಗಾಯದಿಂದ ಒಳಗೆ ಹೋಗುತ್ತದೆ. ಒದ್ದೆ ಬಚ್ಚಲನ್ನು ಬರಿಗಾಲಲ್ಲಿ ನಿಂತು ತೊಳೆಯುವುದು ಮಲೆನಾಡಿನಲ್ಲಿ ಎಲ್ಲರ ಅಭ್ಯಾಸ. ಅಮ್ಮನ ಹಿಮ್ಮಡಿ ಒಡೆದಿತ್ತು. ಆ ದಿನ ಬಚ್ಚಲ ಕೆಲಸ ಬೂಟು ಹಾಕಿಕೊಂಡು ಮಗ ಮಾಡಿದರು. ಮುಂದಿನ ಮೂರು ನಾಲ್ಕು ವಾರದಲ್ಲಿ ಯಾರಿಗಾದರೂ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗುವುದು ಕಂಡರೆ, ಇಲಿ ಇದ್ದ ಮನೆ ತೊಳೆದಿದ್ದೆವು ಎಂದು ಡಾಕ್ಟರಿಗೆ ಮೊದಲೇ ಹೇಳಬೇಕು. ಹೇಳದಿದ್ದರೆ ಮಾಮೂಲಿ ಜ್ವರ ಎಂದು ದಿನ ಕಳೆದುಹೋಗಬಹುದು.

ಇಲಿಗೆ ವಿಷ ಇಡುವ ಯೋಚನೆ ಮಗನಿಗಿತ್ತು. ನಾನು ಒಪ್ಪಲಿಲ್ಲ. ಅಂಗಡಿಯಲ್ಲಿ ಸಿಗುವ ವಿಷದ ಬಿಲ್ಲೆ ತಿಂದ ಇಲಿ ಸಾಯಲು ಕೆಲವು ದಿನ ಬೇಕು. ಅಷ್ಟರಲ್ಲಿ ಅದು ಕೈಗೆ ಸಿಗದ ಸಂದು ಸೇರಿ ಅಲ್ಲೇ ಸಾಯುತ್ತದೆ. ಇವರು ಇರುವುದು ಕೆಲವೇ ದಿನ, ವಾಪಸ್ ಹೋಗುವ ಹೊತ್ತಿಗೆ ಮನೆಯೆಲ್ಲ ನಾರುತ್ತದೆ. ಕಚ್ಚುವ ಬೋನುಗಳನ್ನೇ ಗೋಡೆಗೆ ಅಡ್ಡಲಾಗಿ, ತಿಂಡಿ ಇರುವ ತುದಿ ಗೋಡೆಯ ಕಡೆ ಬರುವಂತೆ, ಬೂದಿಯಲ್ಲಿ ಹೆಜ್ಜೆ ಬಿದ್ದಿದ್ದ ಜಾಗದಲ್ಲೇ ಇಟ್ಟೆವು. ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿದರು. ಇಲಿ ಸಿಕ್ಕವು. ಕೊಂಬೆ ಕಡಿಸಿ, ಹೆಂಚು ಸರಿ ಮಾಡಿಸಿ, ಅಟ್ಟದಿಂದ ಕೆಳಗಿಳಿಯುವ ಸಂದುಗಳಿಗೆ ತಂತಿ ಬಲೆ ಹೊಡೆಸಿದರು. ಹೆಂಚಿನ ಮಾಡಿನಲ್ಲಿ ಇಲಿ ಬರುವ ಸಂದು ಪೂರ್ತಿ ಮುಚ್ಚಲು ಯಾರಿಂದಲೂ ಆಗದು. ಅದು ಅಟ್ಟದಿಂದ ಕೆಳಗೆ ಇಳಿಯದ ಹಾಗೆ, ಇಳಿದರೂ ತಿನ್ನಲು ಏನೂ ಸಿಗದ ಹಾಗೆ ಮಾಡುವುದಷ್ಟೇ ನಮ್ಮ ಕೈಲಿರುವುದು.

ಗೆದ್ದಲು

ನಡುಮನೆಯ ಪೂರ್ವದ ಕಿಟಕಿಯ ಒಳಗಿನ ಕಟ್ಟೆಯ ಮೇಲೆ ತೆಳ್ಳಗಿನ ರೆಕ್ಕೆಗಳು ಗುಡ್ಡೆಯಾಗಿ ಬಿದ್ದಿದ್ದವು. ಎಲ್ಲವೂ ಒಂದೇ ಉದ್ದ. ಇವು ಮಳೆಹುಳುಗಳದ್ದು, ಅಂದರೆ ರೆಕ್ಕೆ ಬಂದ ಗೆದ್ದಲಿನದ್ದು. ಇರುವೆಗೂ ರೆಕ್ಕೆ ಬರುತ್ತದೆ, ಆದರೆ ಅದರ ಮುಂದಿನ ಜೋಡಿ ಉದ್ದ, ಹಿಂದಿನದು ಗಿಡ್ಡ. ಗೆದ್ದಲಿನ ನಾಲ್ಕೂ ರೆಕ್ಕೆ ಸಮ.

"ಮಳೆಹುಳು ಎಲ್ಲ ಮನೆಗೂ ಬರತ್ತಲ್ವಾ?" ಎಂದರು ಸೊಸೆ. ಸರಿಯಾದ ಪ್ರಶ್ನೆ. ಬರುತ್ತದೆ, ದೀಪ ಕಂಡು ಬರುತ್ತದೆ. ಆದರೆ ಮೊದಲ ಮಳೆ ಬಿದ್ದ ಜೂನಿನಲ್ಲಿ ಈ ಮನೆಗೆ ಬೀಗ ಹಾಕಿತ್ತು, ಒಂದೂ ದೀಪ ಉರಿದಿರಲಿಲ್ಲ. ಕತ್ತಲ ಮನೆಯೊಳಗೆ ಹೊರಗಿನಿಂದ ಅಷ್ಟು ಹುಳು ಬರಲು ಕಾರಣ ಇಲ್ಲ. ಒಳಗೇ ಎದ್ದ ಹುಳುಗಳು ಬೆಳಕು ಕಂಡ ಕಿಟಕಿಯ ಕಡೆ ಹೋಗಿ, ಅಲ್ಲಿ ರೆಕ್ಕೆ ಉದುರಿಸಿದ್ದವು. ಅಂದರೆ ಗೆದ್ದಲಿನ ಗೂಡು ಮನೆಯ ಅಡಿಯಲ್ಲೋ ಅದಕ್ಕೆ ತೀರಾ ಹತ್ತಿರದಲ್ಲೋ ಇದೆ. ಅಮ್ಮ ಅಂದು ಬಂದ ಕೂಡಲೇ ಗುಡಿಸಿದ್ದರೆ ಮೊದಲು ಹೋಗುತ್ತಿದ್ದದ್ದು ಈ ರೆಕ್ಕೆಗಳೇ.

ಕಿಟಕಿಯಿಂದ ಹಿಂದಕ್ಕೆ ಹುಡುಕುತ್ತಾ ಬಂದೆವು. ಹಳೆ ಗೋಡೆ ಹೊಸ ಗೋಡೆ ಕೂಡುವ ಸಂದಿನ ಈಚೆಗೆ ಗೋಡೆ ಕಪಾಟು ಇತ್ತು. ಅದರ ಬಾಗಿಲು ನೋಡಲು ಚೆನ್ನಾಗಿಯೇ ಇತ್ತು, ಬಣ್ಣ ಕೂಡ ಹೋಗಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದಾಗ ಮೇಲ್ಭಾಗ ಗಟ್ಟಿ ಸದ್ದು ಕೊಟ್ಟಿತು, ಕೆಳಗೆ ಬಂದ ಹಾಗೆ ಡೊಗರು ಸದ್ದು. ಬುಡದ ಗೇಣುದ್ದದಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿದ ಕೂಡಲೇ ಒಳಗೆ ಹೋಯಿತು. ಒಳಗೆ ಮರ ಇರಲಿಲ್ಲ, ಬಣ್ಣದ ಸಿಪ್ಪೆಯಷ್ಟೇ ಉಳಿದಿತ್ತು. ಗೆದ್ದಲು ಗಾಳಿ ಬೆಳಕಿಗೆ ಮೈ ಒಡ್ಡುವುದಿಲ್ಲ, ಒಣಗಿದರೆ ಸಾಯುತ್ತದೆ. ಅದಕ್ಕೇ ಮಣ್ಣಿನ ಕೊಳವೆ ಕಟ್ಟಿಕೊಂಡು ಬರುತ್ತದೆ, ಮರವನ್ನು ಹೊರಗಿನ ಪದರ ಬಿಟ್ಟು ಒಳಗಿನಿಂದಲೇ ತಿನ್ನುತ್ತದೆ.

ಕಪಾಟಿನ ಕೆಳಗಿನ ಖಾನೆಯಲ್ಲಿ ಹಳೆ ಪಂಚಾಂಗ, ಮಕ್ಕಳ ಅಂಕಪಟ್ಟಿ, ಜಮೀನಿನ ಕಾಗದದ ಕಟ್ಟು. ಕಟ್ಟಿನ ಮೇಲಿನ ಎರಡು ಹಾಳೆ ಚೆನ್ನಾಗಿದ್ದವು, ಕೆಳಗೆ ಒದ್ದೆ ಮಣ್ಣಿನ ಮುದ್ದೆ. ಪಹಣಿ ನಾಡಕಚೇರಿಯಲ್ಲಿ ಮತ್ತೆ ಸಿಗುತ್ತದೆ, ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ಅಜ್ಜನ ಕೈಬರಹದ ಲೆಕ್ಕದ ಪುಸ್ತಕ ಎಲ್ಲಿಯೂ ಸಿಗುವುದಿಲ್ಲ. ಅಮ್ಮ ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ಮಾತಾಡಲಿಲ್ಲ.

ಮರ ಹಾಳಾಗಿದ್ದೆಲ್ಲ ಈ ಗೆದ್ದಲಿನಿಂದಲೇ ಎಂದು ತೀರ್ಮಾನಿಸಬಾರದು. ಅಟ್ಟದಲ್ಲಿದ್ದ ಬಿದಿರಿನ ಬುಟ್ಟಿಗಳ ಕೆಳಗೆ ಮೈದಾ ಹಿಟ್ಟಿನಷ್ಟು ನಯವಾದ ಹುಡಿ ಬಿದ್ದಿತ್ತು, ಬಿದಿರಿನಲ್ಲಿ ಗುಂಡುಸೂಜಿ ತಲೆಯಷ್ಟು ತೂತು. ಅದು ಕುಟ್ಟೆ ಹುಳುವಿನ ಕೆಲಸ, ಅದಕ್ಕೆ ನೆಲದ ಔಷಧಿಯಿಂದ ಏನೂ ಆಗದು. ಬುಟ್ಟಿಗಳನ್ನು ಸುಟ್ಟೆವು. ಗಸಗಸೆಯಂಥ ಸಣ್ಣ ಕಾಳುಗಳ ಗುಡ್ಡೆ ಮರದ ಕೆಳಗೆ ಕಂಡರೆ ಅದು ಬೇರೆಯೇ ಜಾತಿಯ ಗೆದ್ದಲು, ಮಣ್ಣಿನ ಸಂಪರ್ಕ ಇಲ್ಲದೆ ಒಣ ಮರದ ಒಳಗೇ ಬದುಕುವಂಥದ್ದು. ಅದು ಇಲ್ಲಿ ಕಾಣಲಿಲ್ಲ. ಮಣ್ಣು, ಹಿಟ್ಟು, ಕಾಳು, ಈ ಮೂರರಲ್ಲಿ ಯಾವುದು ಎಂದು ನೋಡಿಕೊಂಡರೆ ಔಷಧಿಗೆ ಸುಮ್ನೆ ದುಡ್ಡು ಸುರಿಯುವುದು ತಪ್ಪುತ್ತದೆ.

ಈಗ ಕೋಲಿನ ವಿಷಯ. ಮಣ್ಣಿನ ಗೆರೆ ಕಂಡ ಕೂಡಲೇ ಕೆರೆದು, ಸೀಮೆಎಣ್ಣೆಯನ್ನೋ ಜಿರಲೆ ಸ್ಪ್ರೇಯನ್ನೋ ಹೊಡೆಯುವುದು ಎಲ್ಲ ಕಡೆ ರೂಢಿ. ಕಣ್ಣಿಗೆ ಕಂಡಷ್ಟು ಹುಳು ಸಾಯುತ್ತವೆ. ಗೂಡು ನೆಲದ ಅಡಿಯಲ್ಲಿ ಹಾಗೇ ಇರುತ್ತದೆ. ಉಳಿದವು ಆ ವಾಸನೆಯ ದಾರಿ ಬಿಟ್ಟು ಕಾಣದ ಇನ್ನೊಂದು ಸಂದಿನಿಂದ ಬರುತ್ತವೆ. ಒಂದು ವರ್ಷದ ನಂತರ ಬೇರೆ ಕೋಣೆಯ ದಾರಂದ ಕುಸಿದಾಗ ಗೊತ್ತಾಗುತ್ತದೆ. ಗೆರೆ ಇದ್ದಷ್ಟು ದಿನ ಅವು ಎಲ್ಲಿಂದ ಬರುತ್ತಿವೆ ಎಂಬುದು ನಮಗೆ ಗೊತ್ತಿರುತ್ತದೆ. ಅದನ್ನು ಉಳಿಸಿಕೊಳ್ಳಬೇಕು.

ಮಾಡಬೇಕಾದ್ದು ಇಷ್ಟೇ. ಪ್ರತಿ ಗೆರೆಯ ಮಧ್ಯದಲ್ಲಿ ಎರಡು ಬೆರಳಗಲದಷ್ಟು ಮಾತ್ರ ಮುರಿದು, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆಯುವುದು. ಮೂರು ದಿನ ಬಿಟ್ಟು ನೋಡುವುದು. ಒದ್ದೆ ಮಣ್ಣಿನಿಂದ ಮತ್ತೆ ಮುಚ್ಚಿದ್ದರೆ ದಾರಿ ಚಾಲ್ತಿಯಲ್ಲಿದೆ. ಹಾಗೇ ಇದ್ದು, ಉಳಿದ ಗೆರೆ ಒಣಗಿ ಉದುರುತ್ತಿದ್ದರೆ ಬಹುಶಃ ಬಿಟ್ಟುಹೋದ ಹಳೆ ದಾರಿ. ಇಲ್ಲಿ ಕಟ್ಟಿಗೆಯ ಹಿಂದಿನದ್ದು ತೆರೆದೇ ಇತ್ತು. ಗೋಡೆ ಸಂದಿನದ್ದು ಮತ್ತು ಬಾವಿ ಕಡೆಯದ್ದು ಮುಚ್ಚಿಕೊಂಡಿದ್ದವು.

ಔಷಧಿ ಹಾಕುವ ಮೊದಲು ನೀರು ನಿಲ್ಲಿಸಬೇಕಿತ್ತು. ತಗಡಿನ ದೋಣಿ ತೊಳೆಸಿ, ತೂತು ಮುಚ್ಚಿಸಿದರು. ಕಟ್ಟಿಗೆ ರಾಶಿಯನ್ನು ಗೋಡೆಯಿಂದ ದೂರ, ಕಲ್ಲು ಕಂಬದ ಮೇಲೆ ನೆಲ ಬಿಟ್ಟು ಒಟ್ಟಿಸಿದರು. ರಾಶಿಯ ಅಡಿಯಲ್ಲಿ ಹದಿನೈದು ವರ್ಷದ ಹಿಂದಿನ ಸೆಂಟ್ರಿಂಗ್ ಹಲಗೆಯ ತುಂಡುಗಳು ಅರ್ಧ ಹೂತು ಸಿಕ್ಕವು. ಅಡುಗೆ ಮನೆ ಕಟ್ಟಿದಾಗ ಉಳಿದದ್ದನ್ನು ಅಲ್ಲೇ ಬಿಟ್ಟಿದ್ದರು. ಹೊಸ ಕಟ್ಟಡದ ಸುತ್ತ ಮಣ್ಣಿನಲ್ಲಿ ಉಳಿದ ಇಂಥ ಹಲಗೆಯೇ ಗೆದ್ದಲನ್ನು ಗೋಡೆಯ ತನಕ ಕರೆತರುವುದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ.

ಔಷಧಿಗೆ ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ತೆಗೆದುಕೊಂಡೆವು. ಒಂದು ಲೀಟರ್ ನೀರಿಗೆ 2.1 ಮಿಲಿಲೀಟರ್. ಇದರ ವಾಸನೆ ಗೆದ್ದಲಿಗೆ ತಿಳಿಯುವುದಿಲ್ಲ. ಅದರ ಮೇಲೆ ಓಡಾಡಿ, ಮೈಗೆ ಅಂಟಿಸಿಕೊಂಡು ಗೂಡಿಗೆ ಹೋಗಿ ಉಳಿದವಕ್ಕೂ ತಾಗಿಸುತ್ತದೆ. ಹಾಗಾಗಿ ಪರಿಣಾಮ ನಿಧಾನ, ವಾರಗಳೇ ಬೇಕು. ಮೊದಲ ಕೆಲವು ವಾರ ಹೊಸ ಮಣ್ಣಿನ ಗೆರೆ ಕಂಡರೆ ಔಷಧಿ ಕೆಲಸ ಮಾಡಲಿಲ್ಲ ಎಂದುಕೊಂಡು ಮೇಲೆ ಬೇರೆ ಸ್ಪ್ರೇ ಹೊಡೆಯಬಾರದು. ಹೊಡೆದರೆ ಹುಳು ಆ ದಾರಿಗೇ ಬರದೆ, ಹಾಕಿದ್ದೂ ವ್ಯರ್ಥವಾಗುತ್ತದೆ.

ಹೊಸ ಅಡುಗೆ ಮನೆಯಲ್ಲಿ ಗೋಡೆ, ನೆಲ ಕೂಡುವ ಅಂಚಿನುದ್ದಕ್ಕೂ ಒಂದೊಂದು ಅಡಿಗೆ 12 ಮಿಲಿಮೀಟರ್ ತೂತು ಕೊರೆದು, ಮಣ್ಣು ಕುಡಿಯುವಷ್ಟು, ತೂತಿಗೆ ಸುಮಾರು ಒಂದು ಲೀಟರ್ ಹುಯ್ದು, ಬಿಳಿ ಸಿಮೆಂಟಿನಿಂದ ಮುಚ್ಚಿದರು. ನಡುಮನೆಯ ಕಾವಿ ನೆಲ ಕೊರೆಯಲು ಅಮ್ಮ ಬಿಡಲಿಲ್ಲ. "ನಮ್ಮ ಮಾವ ನಿಂತು ಮಾಡಿಸಿದ ನೆಲ ಇದು" ಎಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು, ಅಂಥ ನೆಲಕ್ಕೆ ತೇಪೆ ಹಾಕಿದರೆ ಗುರುತು ಹೋಗುವುದೇ ಇಲ್ಲ. ಆ ಭಾಗಕ್ಕೆ ಹೊರಗಿನಿಂದಲೇ, ಅಡಿಪಾಯಕ್ಕೆ ತಾಗಿ ಸಣ್ಣ ಕಾಲುವೆ ತೋಡಿ ಔಷಧಿ ಕೊಟ್ಟೆವು. ಒಳಗಿನಿಂದ ಕೊರೆದಷ್ಟು ಪಕ್ಕಾ ಅಲ್ಲ, ಆದರೆ ಸಾಕಾಗಬಹುದು ಎಂದು ನನ್ನ ಅಂದಾಜು.

ಬಾವಿ ಕಡೆಯ ಗೋಡೆಗೆ ಒಂದು ತೊಟ್ಟೂ ಹಾಕಲಿಲ್ಲ. ಇಮಿಡಾಕ್ಲೋಪ್ರಿಡ್ ನೀರಿನಲ್ಲಿ ಕರಗುತ್ತದೆ, ಮಲೆನಾಡಿನ ಮಳೆಗೆ ಮಣ್ಣಿನೊಳಗೆ ಹರಿಯಬಲ್ಲದು. ಅಷ್ಟು ಹತ್ತಿರ ಕುಡಿಯುವ ನೀರಿನ ಬಾವಿ ಇದ್ದಾಗ ಒಂದು ಕಪಾಟಿಗಾಗಿ ಆ ಗಂಡಾಂತರ ಬೇಡ. ಆ ಕಡೆ ಗೋಡೆಗೆ ತಾಗಿ ಏರಿದ್ದ ಮಣ್ಣನ್ನು ಕೆಳಗಿಳಿಸಿ, ಅಡಿಪಾಯದ ಕಲ್ಲು ಗೇಣುದ್ದ ಕಾಣುವ ಹಾಗೆ ಮಾಡಿಸಿದೆವು. ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳಲೇಬೇಕು, ಅಷ್ಟು ಸಾಕು.

ಆಮೇಲೆ

ಅಮ್ಮ ದೀಪಾವಳಿ ಮುಗಿಸಿ ಮತ್ತೆ ಬೆಂಗಳೂರಿಗೆ ಹೋದರು. ಈ ಸಲ ಬೀಗ ಹಾಕುವಾಗ ಕಾಗದಗಳು ಸ್ಟೀಲ್ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಗೋಡೆಗೆ ತಾಗದೆ ಸ್ಟೂಲಿನ ಮೇಲೆ. ಹಾಸಿಗೆಗಳು ಹಗ್ಗಕ್ಕೆ ನೇತು ಬಿದ್ದಿವೆ. ಅಡುಗೆ ಮನೆಯಲ್ಲಿ ಒಂದು ಕಾಳೂ ಇಲ್ಲ. ಬಚ್ಚಲ ನೀರು ಹೋಗುವ ಕಂಡಿಗೆ ತಂತಿ ಬಲೆ ಬಂದಿದೆ. ಹೊಸದಾಗಿ ಹಾಕಿಸಿದ ಎರಡು ರೀಪಿಗೆ ಗೇರೆಣ್ಣೆ ಬಳಿಸಿದ್ದಾರೆ. ಕೈಗೆ ತಾಗಿದರೆ ಬೊಬ್ಬೆ ಏಳುವ ಎಣ್ಣೆ ಅದು, ಕೈಗವಸು ಬೇಕೇ ಬೇಕು.

ಹಳೆಯ ಕಾಲದಲ್ಲಿ ಈ ಮನೆಗೆ ಇಷ್ಟೆಲ್ಲ ಬೇಕಿರಲಿಲ್ಲ. ಕಟ್ಟಿಗೆ ಒಲೆಯ ಹೊಗೆ ದಿನಾ ಅಟ್ಟಕ್ಕೆ ಏರುತ್ತಿತ್ತು, ಮರವೆಲ್ಲ ಒಣಗಿ ಮಸಿ ಹಿಡಿದಿರುತ್ತಿತ್ತು. ಅದಕ್ಕೇ ಹದಿನೈದು ದಿನಕ್ಕೊಮ್ಮೆ ಚಿಕ್ಕಪ್ಪನ ಮಗ ಬಂದು, ಬಾಗಿಲು ಕಿಟಕಿ ತೆರೆದು, ಬಚ್ಚಲ ಒಲೆಗೆ ಬೆಂಕಿ ಹಾಕಿ ಎರಡು ಗಂಟೆ ಇದ್ದು ಹೋಗುತ್ತಾರೆ. ಬಂದಾಗ ಪೆನ್ಸಿಲ್ ಗುರುತಿನ ಜಾಗಗಳ ಫೋಟೊ ತೆಗೆದು ಕಳಿಸುತ್ತಾರೆ.

ಜನವರಿಯಲ್ಲಿ ಸಂಕ್ರಾಂತಿಗೆ ಮಗ ಬಂದಾಗ ನಾನೂ ಹೋಗಿ ನೋಡಿದೆ. ಗೋಡೆ ಸಂದಿನ ಗೆರೆ ಒಣಗಿದೆ, ಮುರಿದ ಜಾಗ ತೆರೆದೇ ಇದೆ. ಅಟ್ಟದಲ್ಲಿ ಹೊಸ ಹಿಕ್ಕೆ ಇಲ್ಲ. ಬಾವಿ ಕಡೆ ಮಾತ್ರ ಕಲ್ಲಿನ ಮೇಲೆ ಬೆರಳುದ್ದದ ಹೊಸ ಮಣ್ಣಿನ ಗೆರೆ ಎದ್ದಿದೆ. ಅದು ತಲುಪಬಹುದಾದ ಹತ್ತಿರದ ಮರ ಹಿಂಬಾಗಿಲ ದಾರಂದ. ಬೇಸಿಗೆಯಲ್ಲಿ ಆ ದಾರಂದದ ಬುಡವನ್ನು ಗೇಣುದ್ದ ಕತ್ತರಿಸಿ ಕಲ್ಲಿನ ಪಾದ ಕೂರಿಸುವುದು ಎಂದಾಗಿದೆ. ಅಲ್ಲಿವರೆಗೆ ಚಿಕ್ಕಪ್ಪನ ಮಗ ಬಂದಾಗಲೆಲ್ಲ ಆ ಗೆರೆಯನ್ನು ಅಳೆದು ತಿಳಿಸುತ್ತಾರೆ. ಕಲ್ಲು ದಾಟಿ ಮರಕ್ಕೆ ಒಂದು ಗೇಣು ಇದೆ ಎನ್ನುವಷ್ಟು ಬಂದರೆ ಬೇಸಿಗೆಗೆ ಕಾಯದೆ ಬಡಗಿಯನ್ನು ಕರೆಸುವುದು.